ಮೊಳಕೆ ರಾಗಿಯ ಸರಿ: ಬಿಸಿ ಎಷ್ಟಿರಬೇಕು, ಹುಳಿ ಏಕೆ ಬೇಡ?

ಮಂಡಿಕಲ್ ಕಡೆಯಿಂದ ಅತ್ತೆ ಸೊಸೆಯರಿಬ್ಬರು ಎಂಟು ತಿಂಗಳ ಹೆಣ್ಣು ಮಗುವನ್ನು ಎತ್ತಿಕೊಂಡು ಬಂದಿದ್ದರು. ಮಗುವಿಗೆ ಜ್ವರವಿಲ್ಲ, ಭೇದಿಯಿಲ್ಲ, ಕೆಮ್ಮಿಲ್ಲ. ಆದರೆ ತೂಕ 6 ಕಿಲೋ 200 ಗ್ರಾಂ. ಆರು ತಿಂಗಳು ತುಂಬಿದಾಗ ತಾಯಿ ಕಾರ್ಡಿನಲ್ಲಿ ಬರೆದದ್ದು 5 ಕಿಲೋ 900. ಎರಡು ತಿಂಗಳಲ್ಲಿ ಬರೀ 300 ಗ್ರಾಂ ಏರಿತ್ತು. ಎಂಟು ತಿಂಗಳ ಹೆಣ್ಣು ಮಗು ಸಾಮಾನ್ಯವಾಗಿ 8 ಕಿಲೋದ ಆಸುಪಾಸಿನಲ್ಲಿರುತ್ತದೆ. 6 ಕಿಲೋ 300ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕದ ಮಗು ಎಂದೇ ಲೆಕ್ಕ.

"ಏನು ಕೊಡ್ತೀರಮ್ಮ?" ಎಂದು ಕೇಳಿದೆ.

"ಎದೆಹಾಲು ಕೊಡ್ತೀನಿ ಸಾರ್. ಮೂರು ಹೊತ್ತು ಮೊಳಕೆ ಕಟ್ಟಿದ ರಾಗಿ ಸರಿ ಕೊಡ್ತೀನಿ. ಹೊಟ್ಟೆ ತುಂಬ ಕುಡೀತಾಳೆ."

ಅತ್ತೆಗೆ ತಡೆಯಲಾಗಲಿಲ್ಲ. "ಅದು ಸರಿ ಅಲ್ಲ ಸ್ವಾಮಿ, ಬರೀ ನೀರು. ನಾನು ಸೌದೆ ಒಲೇಲಿ ಮಾಡಿದ್ರೆ ಹಿಡಿ ಹಿಟ್ಟು ಹಾಕಿದ್ರೂ ನುಣ್ಣಗೆ ಗಂಜಿ ಥರ ಹರೀತದೆ. ಇವಳು ಅದೇ ಡಬ್ಬದ ಹಿಟ್ಟನ್ನ ಗ್ಯಾಸಿನ ಮೇಲೆ ಮಾಡಿದ್ರೆ ಮುದ್ದೆ ಆಗ್ತದೆ. ಅದಕ್ಕೆ ನೀರು ಹುಯ್ತಾಳೆ. ಗ್ಯಾಸಿನ ಬೆಂಕೀಲಿ ಸತ್ವ ಸತ್ತೋಗ್ತದೆ."

ಒಂದೇ ರಾಗಿ, ಒಂದೇ ಡಬ್ಬ, ಒಂದೇ ಮನೆ. ಫಲ ಮಾತ್ರ ಬೇರೆ ಬೇರೆ. ಅಜ್ಜಿ ಹೇಳಿದ ಕಾರಣ ಪೂರ್ತಿ ಸರಿಯಲ್ಲ, ಆದರೆ ಅವರು ಕಂಡದ್ದು ಸುಳ್ಳಲ್ಲ. ಸತ್ತದ್ದು ನಿಜ. ಅದು ಸತ್ತದ್ದು ಗ್ಯಾಸಿನಿಂದಲ್ಲ, ಸೊಸೆ ಹಿಟ್ಟನ್ನು ಕೊತಕೊತ ಕುದಿಯುವ ನೀರಿಗೆ ಹಾಕುತ್ತಿದ್ದುದರಿಂದ. ಅತ್ತೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ತಿರುವುತ್ತಿದ್ದರು. ಈ ಎರಡರ ನಡುವಿನ ವ್ಯತ್ಯಾಸವನ್ನು ತಿಳಿಯಲು ಕಿಣ್ವ, ಅಂದರೆ ಎನ್‌ಜೈಮ್, ಎಂಬ ವಸ್ತುವಿನ ಪರಿಚಯ ಬೇಕು.

ಕಾಳಿನೊಳಗಿನ ಕತ್ತರಿ

ರಾಗಿ ಕಾಳಿನ ಬಹುಭಾಗ ಪಿಷ್ಟ. ಸಾವಿರಾರು ಗ್ಲೂಕೋಸ್ ಅಣುಗಳು ಮಲ್ಲಿಗೆ ಸರದ ಹಾಗೆ ಒಂದಕ್ಕೊಂದು ಪೋಣಿಸಿಕೊಂಡರೆ ಅದೇ ಪಿಷ್ಟ. ಇದು ಗಿಡದ ಮರಿಗಾಗಿ ಕೂಡಿಟ್ಟ ಬುತ್ತಿ. ಆದರೆ ಇಷ್ಟು ಉದ್ದದ ಸರವನ್ನು ಮೊಳಕೆಯ ಜೀವಕೋಶಗಳು ನುಂಗಲಾರವು. ಅದನ್ನು ತುಂಡು ಮಾಡಬೇಕು. ರಾಗಿಯನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿದಾಗ ಭ್ರೂಣದಿಂದ ಒಂದು ಸಂಕೇತ ಹೊರಡುತ್ತದೆ. ಪಿಷ್ಟದ ಕಣಜದ ಸುತ್ತಲಿನ ಜೀವಕೋಶಗಳು ಆಗ ಎಚ್ಚೆತ್ತು, ತಮ್ಮ ವಂಶವಾಹಿಯಲ್ಲಿರುವ ನಕ್ಷೆಯಂತೆ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿ ಹೊರಕ್ಕೆ ಬಿಡುತ್ತವೆ. ಈ ಅಮೈಲೇಸ್ ಪಿಷ್ಟದ ಸರವನ್ನು ಕತ್ತರಿಸುವ ಕತ್ತರಿ. ಒಣ ರಾಗಿಯಲ್ಲಿ ಇದು ಅತ್ಯಲ್ಪ, ಎರಡು ದಿನದ ಮೊಳಕೆಯಲ್ಲಿ ಧಾರಾಳ.

ನಮ್ಮ ಬಾಯಿಯ ಎಂಜಲಿನಲ್ಲೂ ಇದೇ ಜಾತಿಯ ಕಿಣ್ವವಿದೆ. ಮಗುವಿಗೆ ತಿನ್ನಿಸಿದ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಸರಿ ನೀರು ನೀರಾಗುವುದನ್ನು ತಾಯಂದಿರು ನೋಡಿರುತ್ತಾರೆ. "ಸರಿ ನೀರು ಬಿಟ್ಟುಕೊಂಡಿತು, ಕೆಟ್ಟಿತೇ?" ಎಂದು ಕೇಳುವವರೂ ಉಂಟು. ಕೆಟ್ಟಿರುವುದಿಲ್ಲ. ಚಮಚದ ಜೊತೆಗೆ ಬಂದ ಎಂಜಲಿನ ಅಮೈಲೇಸ್ ಬಟ್ಟಲಿನಲ್ಲಿ ಕೆಲಸ ಶುರು ಮಾಡಿರುತ್ತದೆ, ಅಷ್ಟೆ. (ಹಾಗೆಂದು ಆ ಉಳಿಕೆಯನ್ನು ಸಂಜೆಗೆ ಎತ್ತಿಡಬೇಡಿ. ಎಂಜಲಿನ ಜೊತೆ ರೋಗಾಣುಗಳೂ ಬಂದಿರುತ್ತವೆ.)

ಕಿಣ್ವ ಒಂದು ಸಸಾರಜನಕ, ಅಂದರೆ ಪ್ರೋಟೀನ್. ನೂರಾರು ಅಮೈನೋ ಆಮ್ಲಗಳ ಉದ್ದನೆಯ ದಾರ ಒಂದು ಗೊತ್ತಾದ ರೀತಿಯಲ್ಲಿ ಸುತ್ತಿ ಸುತ್ತಿ ಉಂಡೆಯಾಗಿರುತ್ತದೆ. ನಮ್ಮ ಎಂಜಲಿನ ಅಮೈಲೇಸಿನಲ್ಲಿ ಇಂಥ 496 ಅಮೈನೋ ಆಮ್ಲಗಳಿವೆ. ಇಷ್ಟರಲ್ಲಿ ನಿಜವಾಗಿ ಕತ್ತರಿಸುವ ಕೆಲಸ ಮಾಡುವುದು ಮುಖ್ಯವಾಗಿ ಮೂರೇ ಮೂರು. ಉಂಡೆಯ ಒಂದು ಪಕ್ಕದಲ್ಲಿ ಬೈತಲೆಯಂಥ ಉದ್ದನೆಯ ತಗ್ಗಿದೆ. ಪಿಷ್ಟದ ಸರ ಬಂದು ಆ ತಗ್ಗಿನೊಳಗೆ ಮಲಗುತ್ತದೆ. ಈ ಮೂರು ಅಮೈನೋ ಆಮ್ಲಗಳು ತಗ್ಗಿನ ನಡುವೆ ಎದುರುಬದುರಾಗಿ ನಿಂತಿರುತ್ತವೆ. ದಾರವನ್ನು ಬಿಡಿಸಿ ನೋಡಿದರೆ ಅವು ಒಂದಕ್ಕೊಂದು ಬಹಳ ದೂರದಲ್ಲಿವೆ. ಉಂಡೆಯಾಗಿ ಸುತ್ತಿದಾಗ ಮಾತ್ರ ಒಟ್ಟಿಗೆ ಬರುತ್ತವೆ. ಈ ತಗ್ಗಿಗೇ ಕ್ರಿಯಾಕೇಂದ್ರ ಎಂದು ಹೆಸರು.

ಕತ್ತರಿಸುವುದು ಹೇಗೆ? ಒಂದು ಅಮೈನೋ ಆಮ್ಲ ಎರಡು ಗ್ಲೂಕೋಸ್‌ಗಳ ನಡುವಿನ ಕೊಂಡಿಗೆ ಒಂದು ಹೈಡ್ರೋಜನ್ ಕಣವನ್ನು ಕೊಟ್ಟು ಅದನ್ನು ಸಡಿಲ ಮಾಡುತ್ತದೆ. ಇನ್ನೊಂದು ಬಿಡುಗಡೆಯಾದ ತುದಿಯನ್ನು ಒಂದು ಗಳಿಗೆ ಹಿಡಿದುಕೊಳ್ಳುತ್ತದೆ. ಮೂರನೆಯದು ಸರವನ್ನು ಸರಿಯಾದ ಭಂಗಿಯಲ್ಲಿ ನಿಲ್ಲಿಸಲು ನೆರವಾಗುತ್ತದೆ. ಅಷ್ಟರಲ್ಲಿ ಒಂದು ನೀರಿನ ಅಣು ನುಗ್ಗಿ ತುದಿಯನ್ನು ಬಿಡಿಸುತ್ತದೆ. ಸರ ಎರಡು ತುಂಡಾಗುತ್ತದೆ, ತಗ್ಗು ಖಾಲಿಯಾಗುತ್ತದೆ, ಕಿಣ್ವ ಮೊದಲಿದ್ದಂತೆಯೇ ಇರುತ್ತದೆ, ಮುಂದಿನ ಸರ ಬರುತ್ತದೆ. ಕತ್ತರಿ ತಾನು ಸವೆಯುವುದಿಲ್ಲವಾದ್ದರಿಂದಲೇ ಒಂದು ಚಹಾ ಚಮಚ ಮೊಳಕೆ ಹಿಟ್ಟು ಒಂದು ಪಾತ್ರೆ ಸರಿಯನ್ನು ತೆಳ್ಳಗೆ ಮಾಡಬಲ್ಲದು.

ಕಿಣ್ವಕ್ಕೂ ಅದರ ಆಹಾರಕ್ಕೂ ಬೀಗ ಮತ್ತು ಬೀಗದ ಕೈಯ ಸಂಬಂಧ ಎಂದು ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಹೇಳಿದರು. ರಾಗಿಯ ತೌಡಿನ ನಾರೂ ಗ್ಲೂಕೋಸಿನ ಸರವೇ. ಆದರೆ ಅಲ್ಲಿ ಕೊಂಡಿ ಬೇರೆ ಮಗ್ಗುಲಿಗೆ ತಿರುಗಿದೆ. ಅಷ್ಟಕ್ಕೇ ಅದು ಅಮೈಲೇಸಿನ ತಗ್ಗಿನಲ್ಲಿ ಕೂರುವುದಿಲ್ಲ, ಜೀರ್ಣವಾಗದೆ ಹೊರಗೆ ಹೋಗುತ್ತದೆ. ಅಮೆರಿಕದ ಡೇನಿಯಲ್ ಕೋಶ್‌ಲ್ಯಾಂಡ್ 1958ರಲ್ಲಿ ಇದಕ್ಕೆ ಒಂದು ತಿದ್ದುಪಡಿ ತಂದರು. ತಗ್ಗು ಕಬ್ಬಿಣದ ಬೀಗದಂತೆ ಗಡುಸಲ್ಲ, ಸರ ಒಳಬಂದಾಗ ತಾನೂ ಸ್ವಲ್ಪ ಬಾಗಿ ಅದನ್ನು ತಬ್ಬಿಕೊಳ್ಳುತ್ತದೆ ಎಂದರು. ನಮ್ಮ ಕಥೆಗೆ ಈ ಮಾತು ಮುಖ್ಯ. ಬಾಗಬಲ್ಲ ವಸ್ತು ಬಿಸಿಗೆ ಬಿಚ್ಚಿಕೊಳ್ಳಲೂಬಲ್ಲದು.

ಎಲ್ಲ ಕಿಣ್ವಗಳೂ ಅಮೈಲೇಸಿನಂತೆ ಜೀವಕೋಶದಿಂದ ಹೊರಗೆ ಬರುವುದಿಲ್ಲ. ಹೆಚ್ಚಿನವು ಒಳಗೇ ಇದ್ದು ಕೆಲಸ ಮಾಡುತ್ತವೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸೆಂದು ನೊರೆ ಬರುವುದಲ್ಲವೇ? ಅದು ಔಷಧಿ ಕೀವನ್ನು ಕೊಲ್ಲುತ್ತಿರುವ ಸದ್ದೆಂದು ಹಲವರ ನಂಬಿಕೆ. ವಾಸ್ತವವಾಗಿ ಒಡೆದ ಜೀವಕೋಶಗಳಿಂದ ಮತ್ತು ರಕ್ತದಿಂದ ಹೊರಬಿದ್ದ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುತ್ತದೆ. ಅಖಂಡ ಚರ್ಮದ ಮೇಲೆ ಅದೇ ದ್ರವವನ್ನು ಹಾಕಿದರೆ ಅಷ್ಟು ನೊರೆ ಬರುವುದಿಲ್ಲ.

ಬಿಸಿಯ ಎರಡು ಮುಖ

ಬಿಸಿ ಹೆಚ್ಚಿದಂತೆ ಅಣುಗಳ ಓಡಾಟ ಹೆಚ್ಚುತ್ತದೆ. ಸರಗಳು ತಗ್ಗಿಗೆ ಬಂದು ಬೀಳುವುದು ಹೆಚ್ಚುತ್ತದೆ, ಕೊಂಡಿ ಮುರಿಯುವುದೂ ಸುಲಭವಾಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಲಸದ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಧನುರ್ಮಾಸದ ಚಳಿಯಲ್ಲಿ ರಾಗಿ ಮೊಳೆಯಲು ಮೂರು ದಿನ ಹಿಡಿದರೆ ಏಪ್ರಿಲ್ ಸೆಕೆಯಲ್ಲಿ ಒಂದೂವರೆ ದಿನದಲ್ಲೇ ಬಿಳಿ ಬಾಲ ಕಾಣುವುದು ಈ ಕಾರಣಕ್ಕೇ. ಮಗುವಿಗೆ ಜ್ವರ ಬಂದಾಗ ದೇಹ ಹೆಚ್ಚು ಆಹಾರ ಉರಿಸುವುದೂ ಇದೇ ಲೆಕ್ಕದಲ್ಲಿ. ಒಂದು ಡಿಗ್ರಿ ಸೆಲ್ಸಿಯಸ್ ಜ್ವರಕ್ಕೆ ಶೇಕಡಾ 10ಕ್ಕೂ ಮೇಲೆ.

ಆದರೆ ಈ ಏರಿಕೆಗೆ ಮಿತಿಯಿದೆ. ಕಿಣ್ವದ ಉಂಡೆಯನ್ನು ಹಿಡಿದಿಟ್ಟಿರುವ ಬಹುತೇಕ ಬಂಧಗಳು ಗಂಟುಗಳಲ್ಲ, ಗುಂಡಿಗಳ ಹಾಗೆ. ಬಿಸಿ ಹೆಚ್ಚಾದಾಗ ಒಂದೊಂದೇ ಗುಂಡಿ ಬಿಚ್ಚಿ ದಾರ ಸಡಿಲವಾಗುತ್ತದೆ. ಒಟ್ಟಿಗೆ ನಿಂತಿದ್ದ ಆ ಮೂರು ಅಮೈನೋ ಆಮ್ಲಗಳು ಬೇರೆ ಬೇರೆಯಾಗುತ್ತವೆ. ಕತ್ತರಿಯ ಎರಡು ಅಲಗನ್ನೂ ಜೋಡಿಸಿದ ಮೊಳೆ ಕಳಚಿದರೆ ಅಲಗುಗಳು ಇದ್ದೂ ಏನು ಪ್ರಯೋಜನ? ಸಾಮಾನ್ಯವಾಗಿ ಇದು ಹಿಂದಿರುಗುವ ಬದಲಾವಣೆಯಲ್ಲ. ಬೆಂದ ಮೊಟ್ಟೆಯನ್ನು ತಣ್ಣೀರಿನಲ್ಲಿಟ್ಟರೆ ಮತ್ತೆ ಲೋಳೆಯಾಗುವುದಿಲ್ಲ.

ಚಳಿ ಹಾಗಲ್ಲ. ತಂಪಿನಲ್ಲಿ ಕಿಣ್ವದ ಆಕಾರ ಹಾಳಾಗುವುದಿಲ್ಲ, ಕೆಲಸ ನಿಧಾನವಾಗುತ್ತದೆ ಅಷ್ಟೆ. ಬೆಚ್ಚಗಾದರೆ ಮತ್ತೆ ಎಚ್ಚರ. ಫ್ರಿಜ್ಜಿನಲ್ಲಿಟ್ಟ ಪದಾರ್ಥವೂ ಕೊನೆಗೆ ಕೆಡುವುದು ಇದರಿಂದಲೇ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ (ಸಿ.ಎಫ್.ಟಿ.ಆರ್.ಐ.) ಮೊಳಕೆ ರಾಗಿಯ ಬಗ್ಗೆ ಬಹಳ ಕೆಲಸ ನಡೆದಿದೆ. ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ತಯಾರಿಸುವ ಕ್ರಮವನ್ನು ರೂಪಿಸಿದರು. ಅಲ್ಲಿಯೇ ಮುಂದೆ ಇಂಡಾಫ್-15 ತಳಿಯ ರಾಗಿಯ ಮೊಳಕೆಯಿಂದ ಅಮೈಲೇಸನ್ನು ಶುದ್ಧ ಮಾಡಿ ಪರೀಕ್ಷಿಸಿದಾಗ ಅದು 45ರಿಂದ 50 ಡಿಗ್ರಿಯಲ್ಲಿ ಅತ್ಯಂತ ಚುರುಕಾಗಿ ಕೆಲಸ ಮಾಡುವುದು ಕಂಡುಬಂತು. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಬೆರಳಿಟ್ಟರೆ ಬಿಸಿ ಚುರುಕೆನ್ನುವ, ಆದರೆ ಬೆರಳನ್ನು ತಕ್ಷಣ ಕಿತ್ತುಕೊಳ್ಳುವಷ್ಟು ಸುಡದ ಹದ. ಗಂಜಿಯೊಳಗೆ ಪಿಷ್ಟದ ಆಸರೆಯಲ್ಲಿ ಕಿಣ್ವ ಇನ್ನೂ ಸ್ವಲ್ಪ ಹೆಚ್ಚಿನ ಬಿಸಿಯನ್ನು ತಡೆಯುತ್ತದೆ. ಕುದಿಯುವ ನೀರನ್ನಂತೂ ತಡೆಯುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಹಸಿ ಹಿಟ್ಟಿನಲ್ಲಿ ಪಿಷ್ಟ ಗಟ್ಟಿ ಕಾಳುಗಳಾಗಿ ಒತ್ತಿಕೊಂಡಿರುತ್ತದೆ. ಕಿಣ್ವ ಅದರೊಳಗೆ ಹೊಗುವುದು ಕಷ್ಟ. ಸುಮಾರು 65 ಡಿಗ್ರಿ ದಾಟಿದ ಮೇಲೆ ಆ ಕಾಳುಗಳು ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳುತ್ತವೆ. ಸರಿ ಗಟ್ಟಿಯಾಗುವುದು ಆಗಲೇ. ಅಂದರೆ ಪಿಷ್ಟ ಬಿಚ್ಚಿಕೊಳ್ಳಲು ಬೇಕಾದ ಬಿಸಿಗೂ ಕಿಣ್ವ ಸಾಯುವ ಬಿಸಿಗೂ ನಡುವೆ ಇರುವುದು ಕಿರಿದಾದ ಓಣಿ. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಸರಿ ಈ ಓಣಿಯಲ್ಲಿ ನಿಧಾನವಾಗಿ ಹಾದುಹೋಗುತ್ತದೆ. ಪಿಷ್ಟ ಬಿಚ್ಚಿಕೊಂಡ ಹಾಗೆಲ್ಲ ಕಿಣ್ವ ಅದನ್ನು ಕತ್ತರಿಸುತ್ತಾ ಹೋಗುತ್ತದೆ. ಕುದಿಯುವ ನೀರಿಗೆ ಹಿಟ್ಟು ಹಾಕಿದರೆ ಓಣಿಯನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ಪಿಷ್ಟ ಉಬ್ಬುತ್ತದೆ, ಕತ್ತರಿಸಬೇಕಾದ ಕಿಣ್ವ ಅಷ್ಟರಲ್ಲೇ ಸತ್ತಿರುತ್ತದೆ. ಅಜ್ಜಿಯ ಸೌದೆ ಒಲೆಯ ಗುಟ್ಟು ಇಷ್ಟೇ. ಗ್ಯಾಸಿನ ಮೇಲೂ ಸಣ್ಣ ಉರಿಯಲ್ಲಿ ಹಾಗೇ ಮಾಡಬಹುದು.

ಹುಳಿಯ ಲೆಕ್ಕ

ಹುಳಿ ಮತ್ತು ಕ್ಷಾರವನ್ನು ಅಳೆಯುವ ಮಾನಕ್ಕೆ ಪಿ.ಎಚ್. ಎನ್ನುತ್ತಾರೆ. ಶುದ್ಧ ನೀರಿನದು 7. ಅದಕ್ಕಿಂತ ಕಡಿಮೆಯಾದಂತೆ ಹುಳಿ ಹೆಚ್ಚು. ನಿಂಬೆರಸ 2ರ ಹತ್ತಿರ. 7ಕ್ಕಿಂತ ಮೇಲಾದರೆ ಕ್ಷಾರ. ಅಡುಗೆ ಸೋಡಾ ಕರಗಿಸಿದ ನೀರು 8ರ ಮೇಲೆ. ಒಂದು ಅಂಕೆ ಇಳಿದರೆ ಹುಳಿಯ ಕಣಗಳು ಹತ್ತು ಪಟ್ಟು ಹೆಚ್ಚಿವೆ ಎಂದು ಅರ್ಥ.

ಕ್ರಿಯಾಕೇಂದ್ರದಲ್ಲಿ ಒಂದು ಅಮೈನೋ ಆಮ್ಲ ಹೈಡ್ರೋಜನ್ ಕಣವನ್ನು ಕೊಡಬೇಕು ಎಂದೆನಲ್ಲ. ಕೊಡಬೇಕಾದರೆ ಅದರ ಕೈಯಲ್ಲಿ ಅದು ಇರಬೇಕು. ತುದಿಯನ್ನು ಹಿಡಿಯಬೇಕಾದ ಇನ್ನೊಂದರ ಕೈ ಖಾಲಿಯಿರಬೇಕು. ಹುಳಿ ಅತಿಯಾದರೆ ಎಲ್ಲೆಲ್ಲೂ ಹೈಡ್ರೋಜನ್ ಕಣಗಳು ತುಂಬಿ ಎರಡು ಕೈಗಳೂ ತುಂಬುತ್ತವೆ. ಕ್ಷಾರ ಅತಿಯಾದರೆ ಎರಡೂ ಖಾಲಿ. ಎರಡು ಸಂದರ್ಭದಲ್ಲೂ ಕತ್ತರಿ ಆಡುವುದಿಲ್ಲ. ಹುಳಿ ಇನ್ನೂ ಮಿತಿಮೀರಿದರೆ ಉಂಡೆಯೇ ಬಿಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಕಿಣ್ವಕ್ಕೂ ಅದರದೇ ಹದವಿದೆ. ಮೊಳಕೆ ರಾಗಿಯ ಅಮೈಲೇಸಿಗೆ 5ರಿಂದ 5.5, ನಮ್ಮ ಎಂಜಲಿನದಕ್ಕೆ 6.8ರ ಆಸುಪಾಸು. ಜಠರದ ಪೆಪ್ಸಿನ್‌ಗೆ ಮಾತ್ರ 2ರ ಸುತ್ತಿನ ಉಗ್ರ ಹುಳಿಯೇ ಪ್ರೀತಿ. ಒಂದೇ ಜೀವಕೋಶದೊಳಗೂ ಇಂಥ ಬೇರೆ ಬೇರೆ ಕೋಣೆಗಳಿವೆ. ಕೋಶದ ನಡುಮನೆಯ ಪಿ.ಎಚ್. 7.2ರಷ್ಟಿದ್ದರೆ ಕಸ ಅರೆಯುವ ಲೈಸೋಸೋಮ್ ಎಂಬ ಚೀಲದೊಳಗೆ 5ರಷ್ಟು. ಆ ಚೀಲದ ಕಿಣ್ವಗಳು ಅಕಸ್ಮಾತ್ ಸೋರಿದರೂ ನಡುಮನೆಯ ಪಿ.ಎಚ್.ನಲ್ಲಿ ಮಂಕಾಗುತ್ತವೆ, ಮನೆಯನ್ನೇ ಅರೆದುಹಾಕುವುದಿಲ್ಲ.

ಎಂಜಲಿನ ಅಮೈಲೇಸ್ ಜಠರದ ಹುಳಿ ತಾಗಿದೊಡನೆ ಸುಮ್ಮನಾಗುತ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಕೆಲಸ ಮುಂದುವರಿಸಬೇಕು. ಹಸುಗೂಸಿನಲ್ಲಿ ಈ ಎರಡನೆಯದು ಬಹಳ ಕಡಿಮೆ. ಆರು ತಿಂಗಳ ಹೊತ್ತಿಗೆ ಮೆಲ್ಲಗೆ ಏರಲಾರಂಭಿಸುತ್ತದೆ. ಅಷ್ಟರವರೆಗೆ ಪ್ರಕೃತಿ ಬಿಟ್ಟಿರುವ ಬದಲಿ ವ್ಯವಸ್ಥೆ ಎದೆಹಾಲಿನಲ್ಲಿರುವ ಅಮೈಲೇಸ್. ಅದು ಹುಳಿಯನ್ನು ಸಾಕಷ್ಟು ತಡೆಯಬಲ್ಲದು. ಸರಿ ಶುರುಮಾಡಿದ ಮೇಲೂ ಎದೆಹಾಲು ಬಿಡಿಸಬೇಡಿ ಎನ್ನುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು.

ನಾಲ್ಕು ಲೋಟದ ಪರೀಕ್ಷೆ

ಅತ್ತೆ ಸೊಸೆಯರು ಹೋದ ಮೇಲೆ ನಾನು ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಸಾದಾ ರಾಗಿ ಹಿಟ್ಟಿನಿಂದ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಸರಿ ಬೇಯಿಸಿ ನಾಲ್ಕು ಲೋಟಕ್ಕೆ ಹಂಚಿದೆ. ಮೊದಲನೆಯದು 55 ಡಿಗ್ರಿಗೆ ಆರಿದಾಗ ಒಂದು ಚಹಾ ಚಮಚ ಮೊಳಕೆ ರಾಗಿ ಹಿಟ್ಟು ಬೆರೆಸಿದೆ. ಹತ್ತು ನಿಮಿಷದಲ್ಲಿ ಅದು ಗಟ್ಟಿ ಮಜ್ಜಿಗೆಯಂತೆ ಹರಿಯಿತು. ಎರಡನೆಯದಕ್ಕೆ ಅಷ್ಟೇ ಹಿಟ್ಟನ್ನು ಮೊದಲು ಸ್ವಲ್ಪ ನೀರಿನಲ್ಲಿ ಐದು ನಿಮಿಷ ಕುದಿಸಿ ಬೆರೆಸಿದೆ. ಸರಿ ಅಲುಗಲಿಲ್ಲ. ಮೂರನೆಯದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ ಆಮೇಲೆ ಮೊಳಕೆ ಹಿಟ್ಟು ಹಾಕಿದೆ. ಅದೂ ಹೆಚ್ಚುಕಡಿಮೆ ಗಟ್ಟಿಯಾಗಿಯೇ ಉಳಿಯಿತು. ನಾಲ್ಕನೆಯದನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಬೆರೆಸಿದೆ. ಅರ್ಧ ಗಂಟೆ ಕಳೆದರೂ ಬದಲಾವಣೆ ಕಾಣಲಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಆ ಲೋಟವನ್ನು ಇಟ್ಟು ಬೆಚ್ಚಗೆ ಮಾಡಿದ ಮೇಲೆ ಅದೂ ತೆಳ್ಳಗಾಯಿತು. ಎರಡನೆಯ ಲೋಟವನ್ನು ಎಷ್ಟು ಬೆಚ್ಚಗೆ ಇಟ್ಟರೂ ಹಾಗಾಗಲಿಲ್ಲ. ತಂಪಿಗೆ ಮಲಗಿದ್ದಕ್ಕೂ ಬಿಸಿಗೆ ಸತ್ತದ್ದಕ್ಕೂ ಇರುವ ವ್ಯತ್ಯಾಸ ಇದು.

ಅನುಮಾನವಿದ್ದವರು ಟಿಂಕ್ಚರ್ ಅಯೋಡಿನ್ ಒಂದು ತೊಟ್ಟನ್ನು ನೀರಿನಲ್ಲಿ ತೆಳು ಮಾಡಿ ಒಂದು ಚಮಚ ಸರಿಗೆ ಹಾಕಿ ನೋಡಬಹುದು. ಪಿಷ್ಟದ ಉದ್ದ ಸರಗಳಿದ್ದರೆ ಕಡುನೀಲಿ ಬಣ್ಣ ಬರುತ್ತದೆ. ಸರಗಳು ತುಂಡಾದಂತೆ ಬಣ್ಣ ನೇರಳೆಗೆ, ಆಮೇಲೆ ಕೆಂಪು ಕಂದಿಗೆ ತಿರುಗುತ್ತದೆ. ಪರೀಕ್ಷಿಸಿದ ಸರಿಯನ್ನು ಚೆಲ್ಲಬೇಕು, ಮಗುವಿಗೆ ಕೊಡಬಾರದು. ಇನ್ನೊಂದು ಮಾತು. ಬಿಸಿ ಅಳೆಯಲು ಜ್ವರ ನೋಡುವ ಥರ್ಮಾಮೀಟರನ್ನು ಸರಿಯಲ್ಲಿ ಅದ್ದಬೇಡಿ. ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ. ಪಾದರಸದ ಹಳೆಯ ಥರ್ಮಾಮೀಟರ್ ಆದರೆ ಒಡೆದೇ ಹೋಗುತ್ತದೆ. ಆ ಅಳತೆ ಅಲ್ಲಿಗೆ ಮುಗಿಯುವುದೂ ಕಾರಣವಿಲ್ಲದೆ ಅಲ್ಲ. ಅದರಾಚೆ ಮನುಷ್ಯ ದೇಹದ ಕಿಣ್ವಗಳಿಗೇ ಅಪಾಯ.

ಆ ಮಗುವಿನ ಲೆಕ್ಕ

ಸರಿ ತೆಳ್ಳಗಾದರೆ ಏನು ಲಾಭ ಎಂದು ಕೇಳಬಹುದು. ನೀರು ಹಾಕಿದರೂ ತೆಳ್ಳಗಾಗುತ್ತದಲ್ಲ? ಲಾಭವಿರುವುದು ಹೊಟ್ಟೆಯ ಅಳತೆಯಲ್ಲಿ. ಮಗುವಿನ ಜಠರ ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿ ಹಿಡಿಯುತ್ತದೆ. ಈ ಮಗುವಿಗೆ ಒಂದು ಹೊತ್ತಿಗೆ 180 ಮಿಲಿ, ಅಂದರೆ ಒಂದು ಸಣ್ಣ ಲೋಟ. ತಾಯಿ ಅಷ್ಟು ಸರಿಗೆ ಹಾಕುತ್ತಿದ್ದುದು ಒಂದು ದೊಡ್ಡ ಚಮಚ ಹಿಟ್ಟು, ಸುಮಾರು 10 ಗ್ರಾಂ. ಅದರಿಂದ ಸಿಗುವುದು ಮೂವತ್ತು ಚಿಲ್ಲರೆ ಕ್ಯಾಲೊರಿ. ಮೂರು ಹೊತ್ತಿಗೂ ಸೇರಿ ನೂರು ತುಂಬುವುದಿಲ್ಲ. ಈ ವಯಸ್ಸಿನಲ್ಲಿ ಎದೆಹಾಲಿನ ಜೊತೆಗೆ ದಿನಕ್ಕೆ 200 ಕ್ಯಾಲೊರಿಯಷ್ಟಾದರೂ ಮೇಲಾಹಾರದಿಂದ ಬರಬೇಕು. ಇನ್ನೂ ವಿಪರ್ಯಾಸವೆಂದರೆ ಆ ಸರಿ ಎದೆಹಾಲಿಗಿಂತ ನೀರು. 100 ಮಿಲಿ ಎದೆಹಾಲಿನಲ್ಲಿ 65ರಷ್ಟು ಕ್ಯಾಲೊರಿ ಇದ್ದರೆ ಈ ಸರಿಯಲ್ಲಿ 20ಕ್ಕೂ ಕಡಿಮೆ. ಮಗು ಹೊಟ್ಟೆ ತುಂಬ ಕುಡಿದು ಉಪವಾಸವಿತ್ತು.

ಅದೇ ಲೋಟಕ್ಕೆ ಮೂರು ದೊಡ್ಡ ಚಮಚ ಹಿಟ್ಟು ಹಾಕಿದರೆ ನೂರರ ಹತ್ತಿರ ಕ್ಯಾಲೊರಿ ಬರುತ್ತದೆ. ಆದರೆ ಅದು ಮುದ್ದೆಯಂತಾಗುತ್ತದೆ, ಹಲ್ಲು ಬಾರದ ಮಗು ನುಂಗಲಾರದು. ಕಿಣ್ವ ಬೇಕಾಗುವುದು ಇಲ್ಲಿಯೇ. ಅದು ಒಂದು ಕ್ಯಾಲೊರಿಯನ್ನೂ ಸೇರಿಸುವುದಿಲ್ಲ. ಮೂರು ಚಮಚ ಹಿಟ್ಟನ್ನು ಒಂದು ಲೋಟದೊಳಗೆ ನುಂಗುವ ಹದಕ್ಕೆ ತರುತ್ತದೆ.

ಅವರಿಗೆ ನಾನು ಹೇಳಿಕೊಟ್ಟ ಕ್ರಮ ಇದು. ರಾಗಿಯನ್ನು ಆರಿಸಿ, ನಾಲ್ಕಾರು ಸಲ ತೊಳೆದು, ಒಂದು ರಾತ್ರಿ ನೆನೆಸಿ, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಬೇಕು. ಬೂಷ್ಟು ವಾಸನೆ ಬಂದರೆ ಅಥವಾ ಕಾಳಿನ ಮೇಲೆ ಹಸಿರು, ಕಪ್ಪು ನೂಲು ಕಂಡರೆ ಪೂರ್ತಿ ಎಸೆಯಬೇಕು. ಹುರಿದು ಉಳಿಸಿಕೊಳ್ಳಲು ಹೋಗಬಾರದು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬಾಲ ತೆಗೆದು, ಬೀಸಬೇಕು. ಪರಿಮಳಕ್ಕೆ ಬೇಕಾದರೆ ಬಾಣಲೆ ಬೆಚ್ಚಗಾಗುವಷ್ಟು ಮಾತ್ರ ಬಿಸಿ ಮಾಡಬಹುದು. ಒಣಗಿದ ಕಿಣ್ವ ನೀರಿನಲ್ಲಿರುವಾಗಿಗಿಂತ ಹೆಚ್ಚು ಬಿಸಿ ತಾಳುತ್ತದೆ. ಕೆಂಪಗೆ ಹುರಿದರೆ ಅದೂ ಸಾಯುತ್ತದೆ. ರಾಗಿ ಅರಳನ್ನು ಬೀಸಿದ ಹುರಿಹಿಟ್ಟು ರುಚಿಯಲ್ಲಿ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬಾರದಿರುವುದು ಇದಕ್ಕೇ.

ಸರಿ ಮಾಡುವಾಗ ಎರಡು ಮುಕ್ಕಾಲು ದೊಡ್ಡ ಚಮಚ ಸಾದಾ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಚೆನ್ನಾಗಿ ಬೇಯಿಸಿ ಕೆಳಗಿಳಿಸಬೇಕು. ಹೊಗೆಯಾಡುವುದು ತಗ್ಗಿ, ತೊಟ್ಟು ಅಂಗೈಗೆ ಹಾಕಿಕೊಂಡರೆ ತಡೆಯುವಷ್ಟು ಬಿಸಿ ಇದ್ದಾಗ ಒಂದು ಚಹಾ ಚಮಚ ಮೊಳಕೆ ಹಿಟ್ಟು ಬೆರೆಸಿ ಮುಚ್ಚಿಡಬೇಕು. ಹತ್ತು ಹದಿನೈದು ನಿಮಿಷದಲ್ಲಿ ತೆಳ್ಳಗಾಗುತ್ತದೆ. ಆಮೇಲೆ ಮತ್ತೆ ಒಲೆಗಿಟ್ಟು ಎರಡು ಮೂರು ನಿಮಿಷ ಕುದಿಸಬೇಕು. ಇದನ್ನು ಮರೆಯಬಾರದು. ಮೊಳಕೆ ಕಟ್ಟುವ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. 50 ಡಿಗ್ರಿಯಲ್ಲಿ ಅವು ಸಾಯುವುದಿಲ್ಲ.

"ಮತ್ತೆ ಕುದಿಸಿದ್ರೆ ಆ ಕಿಣ್ವ ಸಾಯಲ್ವಾ ಸಾರ್?" ಎಂದು ಸೊಸೆ ಕೇಳಿದರು. ಒಳ್ಳೆಯ ಪ್ರಶ್ನೆ. ಸಾಯುತ್ತದೆ. ಆದರೆ ಅಷ್ಟರಲ್ಲಿ ಸರಗಳು ತುಂಡಾಗಿರುತ್ತವೆ. ಕತ್ತರಿಸಿದ ಬಟ್ಟೆ ಕತ್ತರಿ ಮುರಿದರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಸರಿ ತೆಳ್ಳಗೇ ಉಳಿಯುತ್ತದೆ.

ಮನೆಯ ಹಿರಿಯರು ಸರಿಗೆ ಹುಳಿ ಮಜ್ಜಿಗೆ ಬೆರೆಸುವ ರೂಢಿಯಿದ್ದರೆ ಅದನ್ನು ತೆಳ್ಳಗಾದ ಮೇಲೆ, ಕುದಿಸಿ ಆರಿಸಿದ ಮೇಲೆ ಬೆರೆಸಲಿ. ಮೊದಲೇ ಬೆರೆಸಿದರೆ ಕೆಲಸ ಮಂದವಾಗುತ್ತದೆ. ಮಾಡಿದ ಸರಿಯನ್ನು ಎರಡು ಗಂಟೆಯೊಳಗೆ ಮುಗಿಸಬೇಕು.

ಈ ಸರಿಯಿಂದ ಎಲ್ಲವೂ ಬಗೆಹರಿಯುತ್ತದೆಂದು ತಿಳಿಯಬಾರದು. ರಾಗಿಯಲ್ಲಿ ಸುಣ್ಣದಂಶ ಹೇರಳ, ಆದರೆ ಸಸಾರಜನಕ ಸಾಲದು, ಕಬ್ಬಿಣ ಮಗುವಿನ ಅಗತ್ಯಕ್ಕೆ ತಲುಪುವುದಿಲ್ಲ. ಆದ್ದರಿಂದ ಒಂದು ಹೊತ್ತು ಬೇಳೆ ಮತ್ತು ಸೊಪ್ಪು ಹಾಕಿ ಬೇಯಿಸಿದ ಅನ್ನ, ತಿನ್ನುವವರ ಮನೆಯಾದರೆ ಮೊಟ್ಟೆ, ಪ್ರತಿ ಲೋಟ ಸರಿಗೆ ಒಂದು ಚಹಾ ಚಮಚ ತುಪ್ಪ ಎಂದು ಬರೆದುಕೊಟ್ಟೆ. ಒಂದು ಚಮಚ ತುಪ್ಪದಲ್ಲಿ 45 ಕ್ಯಾಲೊರಿ. ಸಕ್ಕರೆ ಬೇಡವೆಂದೆ. ಪಿಷ್ಟ ತುಂಡಾದಾಗ ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟಿ ಸರಿ ತಾನಾಗಿಯೇ ಸ್ವಲ್ಪ ಸಿಹಿಯಾಗಿರುತ್ತದೆ.

ಈ ಕಾರಣಕ್ಕೇ ಮನೆಯ ಸಕ್ಕರೆ ಕಾಯಿಲೆಯವರು ಒಂದು ವಿಷಯ ಗಮನಿಸಬೇಕು. ರಾಗಿ ಒಳ್ಳೆಯದೆಂದು ಮುದ್ದೆಯ ಬದಲು ಬೆಳಿಗ್ಗೆ ಸಂಜೆ ರಾಗಿ ಮಾಲ್ಟ್ ಕುಡಿಯುವ ಅಜ್ಜಂದಿರನ್ನು ನೋಡುತ್ತೇನೆ. ಮೊಳಕೆ ಹಿಟ್ಟಿನ ಗಂಜಿಯಲ್ಲಿ ಪಿಷ್ಟ ಅರ್ಧ ಜೀರ್ಣವಾಗಿಯೇ ಹೊಟ್ಟೆಗೆ ಹೋಗುತ್ತದೆ, ರಕ್ತದ ಸಕ್ಕರೆ ಬೇಗ ಏರುತ್ತದೆ. ಮಗುವಿಗೆ ಅನುಕೂಲವಾದದ್ದು ಅಜ್ಜನಿಗೆ ಅನುಕೂಲವಲ್ಲ.

ಅಂಗಡಿಯ ಪೊಟ್ಟಣಗಳ ವಿಷಯವೂ ಹೇಳಬೇಕು. ರಾಗಿ ಮಾಲ್ಟ್ ಎಂಬ ಹೆಸರಿನಲ್ಲಿ ಬರುವ ಎಲ್ಲದರಲ್ಲೂ ಮೊಳಕೆ ಕಟ್ಟಿದ ರಾಗಿ ಇರುವುದಿಲ್ಲ. ಕೆಲವು ಸಾದಾ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಸೇರಿಸಿದವು. ಮೊಳಕೆಯದ್ದಾದರೂ ಹೆಚ್ಚು ಬಿಸಿಗೆ ಸಿಕ್ಕಿ ಕಿಣ್ವ ಸತ್ತಿರಬಹುದು. ಬೆಚ್ಚಗಿನ ಗಟ್ಟಿ ಸರಿಗೆ ಒಂದು ಚಮಚ ಬೆರೆಸಿ ಕಾಲು ಗಂಟೆ ಕಾದರೆ ಗೊತ್ತಾಗುತ್ತದೆ. ಮನೆಯಲ್ಲಿ ಮಾಡಿದ ಹಿಟ್ಟೂ ತೇವ ತಗುಲಿದ ಡಬ್ಬದಲ್ಲಿ ತಿಂಗಳುಗಟ್ಟಲೆ ಇದ್ದರೆ ಕಸುವು ಕಳೆದುಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಬೀಸಿಕೊಳ್ಳುವುದು ಲೇಸು.

ಎರಡು ತಿಂಗಳ ನಂತರ ಆ ಮಗುವಿನ ತೂಕ 6 ಕಿಲೋ 900 ಗ್ರಾಂ ಆಗಿತ್ತು. ಇನ್ನೂ ಹಿಂದೆಯೇ ಇದೆ, ಆದರೆ ಕಾರ್ಡಿನ ಗೆರೆ ಮೇಲಕ್ಕೆ ತಿರುಗಿದೆ. ಅತ್ತೆ ಈ ಸಲವೂ ಜೊತೆಗೆ ಬಂದಿದ್ದರು. ಗ್ಯಾಸಿನ ಮೇಲಿನ ಸಂಶಯ ಅವರಿಗೆ ಪೂರ್ತಿ ಹೋದಂತಿರಲಿಲ್ಲ. "ಆರಿಸಿ ಹಾಕಿದ್ರೆ ಗ್ಯಾಸಿಂದೂ ಪರವಾಗಿಲ್ಲ ಬಿಡಿ ಸ್ವಾಮಿ" ಎಂದರು. ಒಂಬತ್ತು ತಿಂಗಳಿಗೆ ಹಾಕಿಸಬೇಕಿದ್ದ ದಡಾರ ಲಸಿಕೆಯನ್ನು ಈ ಗಲಾಟೆಯಲ್ಲಿ ಮರೆತಿದ್ದರು. ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸುವಂತೆ ಚೀಟಿ ಬರೆದುಕೊಟ್ಟೆ.